ಅರ್ಧ ಗಂಟೆ ತಡವಾಗಿ ಹೊರಡಲಿ



2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಂದಿನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಬಹಳ ಒಳ್ಳೆಯದಾಯಿತು. ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಉಚಿತ ಟಿಕೆಟ್ ಯಾರನ್ನೂ ಮನೆ ಮುಟ್ಟಿಸದು.

ನಮ್ಮೂರಿಗೆ ಸಂಜೆ ನಾಲ್ಕಕ್ಕೆ ಒಂದು ಬಸ್ಸು, ಅದರ ಬೆನ್ನಿಗೇ ನಾಲ್ಕೂಕಾಲಿಗೆ ಇನ್ನೊಂದು. ಕಾಲೇಜು ಬಿಡುವುದು ನಾಲ್ಕೂವರೆಗೆ. ಆಮೇಲಿನದು ಏಳಕ್ಕೆ, ಅದೇ ಕೊನೆಯದು. ಮಕ್ಕಳು ಎರಡೂವರೆ ಗಂಟೆ ನಿಲ್ದಾಣದಲ್ಲಿ ಕಾದು, ಬಾಗಿಲ ಮೆಟ್ಟಿಲಲ್ಲಿ ಜೋತುಬಿದ್ದು ಕತ್ತಲಲ್ಲಿ ಊರು ಸೇರುತ್ತಾರೆ.

ನಾವು ಹೊಸ ಬಸ್ಸು ಕೇಳುತ್ತಿಲ್ಲ. ನಾಲ್ಕೂಕಾಲಿನ ಬಸ್ಸು ನಾಲ್ಕೂಮುಕ್ಕಾಲಿಗೆ ಹೊರಡಲಿ. ಬಸ್ಸು, ಚಾಲಕ, ನಿರ್ವಾಹಕ ಎಲ್ಲ ಅವರೇ ಇರಲಿ. ಡಿಪೊ ವ್ಯವಸ್ಥಾಪಕರು ದಯವಿಟ್ಟು ಈ ತಿಂಗಳೇ ವೇಳಾಪಟ್ಟಿ ತಿದ್ದಿಸಬೇಕು.

- ಒಬ್ಬ ವಿದ್ಯಾರ್ಥಿನಿಯ ತಂದೆ