ಮರಣ ಪತ್ರದ ನಕಲಿಗೊಂದು ಅರ್ಜಿ

ಮನೆಯ ಹಿರಿಯರೊಬ್ಬರು ತೀರಿಕೊಂಡು, ಉತ್ತರಕ್ರಿಯೆಗಳೆಲ್ಲ ಯಥಾವಿಧಿಯಾಗಿ ಮುಗಿದು, ನೆಂಟರಿಷ್ಟರು ತಂತಮ್ಮ ಊರುಗಳಿಗೆ ಹಿಂದಿರುಗಿದ ತರುವಾಯ, ಉಳಿದವರ ಪಾಲಿಗೆ ಬರುವ ಕಾರ್ಯಗಳ ಪೈಕಿ ಮೊದಲನೆಯದೇ ಮರಣ ಪ್ರಮಾಣಪತ್ರದ ಪ್ರತಿಗಳನ್ನು ಕೂಡಿಸುವುದು. ಬ್ಯಾಂಕಿನವರು ಒಂದು ಪ್ರತಿಯನ್ನು ಕೇಳುತ್ತಾರೆ, ವಿಮೆಯವರು ಮತ್ತೊಂದನ್ನು, ಕುಟುಂಬ ಪಿಂಚಣಿಗೊಂದು, ಜಮೀನಿನ ಪೌತಿ ಖಾತೆಗೆಂದು ನಾಡಕಚೇರಿಗೊಂದು, ಊರ ಮನೆಯ ಖಾತೆ ಬದಲಾವಣೆಗೆ ಇನ್ನೊಂದು. ಕೆಲವು ಕಚೇರಿಗಳು ಮೂಲವನ್ನು ನೋಡಿ ನೆರಳಚ್ಚನ್ನು ಇಟ್ಟುಕೊಳ್ಳುವುವು, ಕೆಲವು ಮೂಲವನ್ನೇ ಕಡತಕ್ಕೆ ಸೇರಿಸುವುವು. ಆದಕಾರಣ ಎಲ್ಲಿಗೆಲ್ಲ ಬೇಕೆಂಬುದನ್ನು ಮೊದಲೇ ಎಣಿಸಿ, ಅಷ್ಟು ಪ್ರತಿಗಳನ್ನೂ ಒಂದೇ ಅರ್ಜಿಯಲ್ಲಿ ಕೇಳುವುದು ಬಲ್ಲವರ ರೂಢಿ. ಆ ಅರ್ಜಿಯನ್ನು ಬರೆಯುವ ಕ್ರಮವನ್ನು ಅರಿಯಬೇಕಾದರೆ, ಅದು ಹೋಗಿ ಸೇರುವ ವಿಭಾಗವು ನಡೆಯುವ ಬಗೆಯನ್ನು ಕೊಂಚ ತಿಳಿಯಬೇಕು.

1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ಮರಣವನ್ನು ಅದು ಸಂಭವಿಸಿದ 21 ದಿನಗಳೊಳಗಾಗಿ ವರದಿ ಮಾಡತಕ್ಕದ್ದು. ಮನೆಯಲ್ಲಿ ಸತ್ತರೆ ಮನೆಯ ಯಜಮಾನನೂ, ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರೂ ಅದಕ್ಕೆ ಹೊಣೆ. ಮರಣ ವರದಿಯ ನಮೂನೆಯಲ್ಲಿ ಎರಡು ಭಾಗಗಳಿವೆ. ಮೃತರ ಹೆಸರು, ಲಿಂಗ, ವಯಸ್ಸು, ಮರಣದ ದಿನ ಮತ್ತು ಸ್ಥಳ, ವರದಿ ಕೊಟ್ಟವರ ರುಜು, ಇವುಗಳನ್ನೊಳಗೊಂಡ ಕಾನೂನಿನ ಭಾಗವು ನೋಂದಣಾಧಿಕಾರಿಯ ಬಳಿಯೇ ಉಳಿಯುವುದು. ವೃತ್ತಿ, ರೋಗ ಮೊದಲಾದ ವಿವರಗಳುಳ್ಳ ಅಂಕಿಅಂಶಗಳ ಭಾಗವು ಬೇರ್ಪಟ್ಟು ಸಂಖ್ಯಾಶಾಸ್ತ್ರದವರ ಕೈಸೇರುವುದು. ಮೊದಲನೆಯ ಭಾಗಗಳನ್ನು ವರ್ಷವಿಡೀ ಕ್ರಮಸಂಖ್ಯೆ ಹಾಕಿ ಹೊಲಿದರೆ ಅದೇ ಆ ವರ್ಷದ ಮರಣ ರಿಜಿಸ್ಟರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ರಿಜಿಸ್ಟರಿನ ಸಾಲು ಸತ್ತವರ ಹೆಸರಿನ ಅಕ್ಷರಾನುಕ್ರಮದಲ್ಲಿಯೂ ಇಲ್ಲ, ಸತ್ತ ದಿನದ ಅನುಕ್ರಮದಲ್ಲಿಯೂ ಇಲ್ಲ, ನೋಂದಣಿಯಾದ ದಿನದ ಅನುಕ್ರಮದಲ್ಲಿದೆ. ಗುಮಾಸ್ತನ ಬೆರಳನ್ನು ಆ ಸಾಲಿಗೆ ನೇರವಾಗಿ ಕೊಂಡೊಯ್ಯುವ ಅರ್ಜಿಯೇ ಒಳ್ಳೆಯ ಅರ್ಜಿ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಉಪಾಧ್ಯಾಯರೊಬ್ಬರು 2018ರ ಡಿಸೆಂಬರ್ 28ರಂದು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆನ್ನಿ. ದಹನವಾದದ್ದು ಹಳ್ಳಿಯಲ್ಲಿ, ರೇಷನ್ ಕಾರ್ಡು ಇರುವುದೂ ಹಳ್ಳಿಯಲ್ಲಿ. ಆದುದರಿಂದ ಮಗನು ಸಹಜವಾಗಿ ಮೊದಲು ಹಳ್ಳಿಯ ಕಚೇರಿಯನ್ನೇ ವಿಚಾರಿಸುತ್ತಾನೆ, ಬರಿಗೈಯಲ್ಲಿ ಹಿಂದಿರುಗುತ್ತಾನೆ. ಮರಣವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯೆಂಬುದು ನಿಯಮವಾದ್ದರಿಂದ, ವಾಸದ ಊರಿಗೂ ದಹನದ ಊರಿಗೂ ಇಲ್ಲಿ ಲೆಕ್ಕವಿಲ್ಲ. ಅರ್ಜಿ ಹೋಗಬೇಕಾದದ್ದು ಮೈಸೂರಿಗೆ. ಆಸ್ಪತ್ರೆಯವರು ವರದಿಯನ್ನು ಕಳುಹಿ, ಅದು 2019ರ ಜನವರಿ 9ರಂದು ನೋಂದಣಿಯಾಯಿತೆಂದರೆ, ಗಡುವಿನೊಳಗೇ ಆದರೂ, ಕ್ರಮಸಂಖ್ಯೆ ಬಿದ್ದದ್ದು 2019ರ ಸಾಲಿನಲ್ಲಿ. 2018ರ ಪುಸ್ತಕವನ್ನು ಮಾತ್ರ ತೆರೆದವನಿಗೆ ಹೆಸರು ಸಿಗದು. ಹುಡುಕುವ ಶುಲ್ಕವನ್ನೂ ಮೊದಲ ವರ್ಷಕ್ಕಿಷ್ಟು, ಮುಂದಿನ ಪ್ರತಿ ವರ್ಷಕ್ಕಿಷ್ಟು ಎಂದೇ ಗೊತ್ತುಪಡಿಸಿರುವರು. ಮಗನು ಬರೆಯಬೇಕಾದ ಅರ್ಜಿ ಹೀಗಿರಬಹುದು:

"ಜನನ ಮತ್ತು ಮರಣ ನೋಂದಣಾಧಿಕಾರಿಗಳ ಸನ್ನಿಧಾನಕ್ಕೆ, ಮಹಾನಗರಪಾಲಿಕೆ, ಮೈಸೂರು.

ಮಾನ್ಯರೇ,

ವಿಷಯ: ಮರಣ ಪ್ರಮಾಣಪತ್ರದ ಆರು ಪ್ರತಿಗಳನ್ನು ಕೋರಿ.

ನಮ್ಮ ತಂದೆಯವರಾದ ದಿವಂಗತ ಶ್ರೀ …… ಬಿನ್ ……, ವಯಸ್ಸು 74, ಇವರು ದಿನಾಂಕ 28-12-2018ರಂದು ಮೈಸೂರಿನ …… ಆಸ್ಪತ್ರೆಯಲ್ಲಿ ಮರಣ ಹೊಂದಿದರು. ಅವರ ಮರಣವು ತಮ್ಮ ಕಚೇರಿಯಲ್ಲಿ ದಿನಾಂಕ 9-1-2019ರಂದು ನೋಂದಣಿ ಸಂಖ್ಯೆ …… ರಲ್ಲಿ ದಾಖಲಾಗಿರುತ್ತದೆ. ಬ್ಯಾಂಕು, ವಿಮೆ, ಕುಟುಂಬ ಪಿಂಚಣಿ ಮತ್ತು ಖಾತೆ ಬದಲಾವಣೆಗೆ ಅಗತ್ಯವಿರುವುದರಿಂದ ಆರು ಪ್ರತಿಗಳನ್ನು ದಯಪಾಲಿಸಬೇಕೆಂದು ಪ್ರಾರ್ಥಿಸುತ್ತೇನೆ. ನಿಗದಿಯಾದ ಶುಲ್ಕವನ್ನು ಪಾವತಿ ಮಾಡಲು ಬದ್ಧನಾಗಿದ್ದೇನೆ.

ಇಂತಿ ತಮ್ಮ ವಿಶ್ವಾಸಿ"

ಕೆಳಗೆ ಸಹಿ, ವಿಳಾಸ, ದೂರವಾಣಿ ಸಂಖ್ಯೆ, ಲಗತ್ತುಗಳ ಪಟ್ಟಿ. ನೋಂದಣಿ ಸಂಖ್ಯೆ ತಿಳಿಯದಿದ್ದರೆ ಅಲ್ಲಿ ಊಹೆಯ ಅಂಕಿಯನ್ನು ಬರೆಯಲಾಗದು; ಅದರ ಬದಲು ಆಸ್ಪತ್ರೆಯವರು ವರದಿ ಕಳುಹಿಸಿದ ದಿನವನ್ನು ಕೇಳಿ ತಿಳಿದು, 'ಸುಮಾರು ಇಂಥ ವಾರದಲ್ಲಿ' ಎಂದು ಬರೆದರೂ ಹುಡುಕುವವರಿಗೆ ದಾರಿಯಾಗುವುದು.

ಲಗತ್ತುಗಳಲ್ಲಿ ಮುಖ್ಯವಾದುವು ಅರ್ಜಿದಾರನ ಗುರುತಿನ ಚೀಟಿ, ಮೃತರ ಆಧಾರ್ ಅಥವಾ ರೇಷನ್ ಕಾರ್ಡಿನ ನೆರಳಚ್ಚು, ಆಸ್ಪತ್ರೆಯವರು ಕೊಟ್ಟ ಮರಣದ ಸಾರಾಂಶ, ಮತ್ತು ಹಳೆಯ ಪ್ರಮಾಣಪತ್ರದ ಪ್ರತಿಯೇನಾದರೂ ಇದ್ದಲ್ಲಿ ಅದು. ಮನೆಯಲ್ಲೇ ತೀರಿಕೊಂಡವರ ಸಂದರ್ಭದಲ್ಲಿ ಸ್ಮಶಾನದ ರಶೀದಿಯು ಆಸ್ಪತ್ರೆಯ ಕಾಗದದ ಜಾಗದಲ್ಲಿ ನಿಲ್ಲುವುದು. ಬೇರೆಯವರನ್ನು ಕಳುಹುವುದಾದರೆ ಅಧಿಕಾರ ಪತ್ರವೊಂದನ್ನು ಕೊಟ್ಟು ಕಳುಹುವುದು ಲೇಸು. ಇವೆಲ್ಲವೂ ನಮೂದನ್ನು ಗುರುತಿಸಲು ನೆರವಾಗುವ ಸಾಧನಗಳೇ ಹೊರತು, ಅದರಲ್ಲಿರುವುದನ್ನು ಬದಲಿಸುವ ಬಲ ಇವುಗಳಿಗಿಲ್ಲ. ರೋಗದ ಹೆಸರು ಕಾಣಲಿಲ್ಲವೆಂದು ವಿಮೆಯ ಹಣಕ್ಕಾಗಿ ಬಂದವರು ಕಳವಳಪಡುವುದುಂಟು. ಮರಣದ ಕಾರಣವನ್ನು ಪ್ರತಿಯಲ್ಲಿ ಪ್ರಕಟಿಸಕೂಡದೆಂದು ಅಧಿನಿಯಮದ 17ನೆಯ ಪ್ರಕರಣವೇ ವಿಧಿಸಿರುವುದರಿಂದ, ಅದನ್ನು ಆಸ್ಪತ್ರೆಯ ವೈದ್ಯರಿಂದಲೇ ಪಡೆಯಬೇಕು.

ತೊಡಕು ಹುಟ್ಟುವುದು ಬಹುಮಟ್ಟಿಗೆ ಹೆಸರಿನಲ್ಲಿ. ಪಹಣಿಯಲ್ಲಿ ತಂದೆಯ ಹೆಸರು ಸಹಿತ ಪೂರ್ಣವಾಗಿರುವ ಹೆಸರು, ಬ್ಯಾಂಕಿನಲ್ಲಿ ಎರಡು ಇನಿಷಿಯಲ್‌ಗಳೊಡನೆಯೂ, ಆಸ್ಪತ್ರೆಯ ದಾಖಲೆಯಲ್ಲಿ ಬರಿದಾಗಿಯೂ ಇರುವುದು ಸಾಮಾನ್ಯ; ಆಸ್ಪತ್ರೆಯಲ್ಲಿ ಸೇರಿಸುವಾಗ ಗಾಬರಿಯಲ್ಲಿ ಹೇಳಿದ ಹೆಸರೇ ವರದಿಗೆ ಇಳಿದು, ರಿಜಿಸ್ಟರಿಗೂ ಇಳಿಯುವುದು. ತಪ್ಪು ಕಂಡುಬಂದಲ್ಲಿ 15ನೆಯ ಪ್ರಕರಣದ ಮೇರೆಗೆ ತಿದ್ದುಪಡಿಗೆ ಬೇರೆ ಅರ್ಜಿಯನ್ನೇ ಕೊಡಬೇಕು. ನೋಂದಣಾಧಿಕಾರಿಯು ಮೂಲ ಬರಹವನ್ನು ಅಳಿಸದೆ, ಅಂಚಿನಲ್ಲಿ ತಿದ್ದುಪಡಿಯನ್ನು ಬರೆದು, ದಿನಾಂಕದೊಡನೆ ರುಜು ಹಾಕುವನು. ಅದಾದ ಮೇಲೆ ತೆಗೆದ ಪ್ರತಿಯೇ ಸರಿಯಾದ ಹೆಸರಿನದು. ಮುಂಚೆಯೇ ಪಡೆದ ಆರು ಪ್ರತಿಗಳಿಂದ ಪ್ರಯೋಜನವಿಲ್ಲ. ಹೀಗಾಗಿ ಹೆಸರಿನ ಬಗ್ಗೆ ಸಂದೇಹವಿದ್ದಲ್ಲಿ ಮೊದಲು ಒಂದೇ ಪ್ರತಿಯನ್ನು ತೆಗೆಸಿ, ಪಹಣಿ ಮತ್ತು ಪಾಸ್ ಪುಸ್ತಕಗಳ ಪಕ್ಕಕ್ಕಿಟ್ಟು ಅಕ್ಷರಶಃ ಹೋಲಿಸಿ, ಅನಂತರ ಉಳಿದವುಗಳನ್ನು ಕೇಳುವವರು ಎರಡನೆಯ ಶುಲ್ಕವನ್ನು ಉಳಿಸಿಕೊಳ್ಳುತ್ತಾರೆ.

ಎಷ್ಟು ಹುಡುಕಿದರೂ ನಮೂದು ದೊರೆಯದಿದ್ದರೆ, 'ಇಲ್ಲ' ಎಂಬ ಬಾಯಿಮಾತನ್ನು ನಂಬಿ ಬರುವುದಲ್ಲ; ಹುಡುಕಿದ ವರ್ಷಗಳನ್ನು ಕಾಣಿಸಿ ಬರೆದ ಅಲಭ್ಯ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ನೋಂದಣಿಯೇ ಆಗಿಲ್ಲವೆಂದು ತೋರಿಸುವ ಕಾಗದ ಅದು. ತಡವಾದ ನೋಂದಣಿಗೆ ಅದೇ ಮೊದಲ ಮೆಟ್ಟಿಲು. ಮರಣವಾಗಿ ಒಂದು ವರ್ಷ ಕಳೆದಿದ್ದರೆ ಹಿಂದೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಆದೇಶ ಬೇಕಾಗಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅಧಿಕೃತ ಕಾರ್ಯಕಾರಿ ದಂಡಾಧಿಕಾರಿಗಳಿಗೆ ಒಪ್ಪಿಸಿದೆ. ಆ ದಾರಿ ದೀರ್ಘವಾದದ್ದು. ನಮ್ಮ ನಿದರ್ಶನದ ಮಗನಿಗಾದರೋ ಅದರ ಅಗತ್ಯವಿಲ್ಲ. ನೋಂದಣಿಯ ದಿನ ಅವನಿಗೆ ಗೊತ್ತಿಲ್ಲದಿದ್ದರೂ, 2018ರ ಜೊತೆಗೆ 2019ನ್ನೂ ಸೇರಿಸಿ ಹುಡುಕಬೇಕೆಂದು ಅರ್ಜಿಯಲ್ಲೇ ಬರೆದರೆ ಸಾಕು.