ಕನ್ನಡಕ ಹಾಕಿದರೆ ಫೋನಿಗೆ ಗುರುತೇ ಸಿಗದು, ಏಕೆ?

ಪ್ರಶ್ನೆ: ಹಗಲಲ್ಲಿ ಮುಖ ತೋರಿಸಿದರೆ ತೆರೆಯುವ ಫೋನು ಸಂಜೆಗತ್ತಲಲ್ಲಿ, ಕನ್ನಡಕ ಹಾಕಿದಾಗ ತೆರೆಯುವುದಿಲ್ಲ. ಏಕೆ?
– ಓದುಗರು, ನಲ್ಲೂರು, ದೇವನಹಳ್ಳಿ ತಾ.

ಉತ್ತರ: ಹೆಚ್ಚಿನ ಆಂಡ್ರಾಯ್ಡ್ ಫೋನುಗಳು ಸೆಲ್ಫಿ ಕ್ಯಾಮೆರಾದ ಚಿತ್ರವನ್ನಷ್ಟೇ ನಂಬುತ್ತವೆ. ಬೆಳಕು ಕಡಿಮೆಯಾದರೆ ಚಿತ್ರ ಮಸುಕಾಗುತ್ತದೆ. ಗುರುತಿಗೆ ಬಹುಮುಖ್ಯವಾದ ಕಣ್ಣಿನ ಸುತ್ತಲ ಭಾಗವನ್ನು ಕನ್ನಡಕದ ಫ್ರೇಮು, ಗಾಜಿನ ಹೊಳಪು ಮರೆಮಾಡುತ್ತವೆ. 2017ರ ಐಫೋನ್ ಎಕ್ಸ್‌ನಿಂದ ಬಂದ ಫೇಸ್ ಐಡಿ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ತಾನೇ ಚೆಲ್ಲಿ ಮುಖದ ಉಬ್ಬುತಗ್ಗು ಅಳೆಯುವುದರಿಂದ ಕತ್ತಲಲ್ಲೂ ನಡೆಯುತ್ತದೆ.

ಪರಿಹಾರಕ್ಕೆ ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಮುಖವನ್ನು ಅಳಿಸಿ. ಹಗಲಲ್ಲಿ ಕಿಟಕಿಗೆ ಮುಖ ಮಾಡಿ ನಿಂತು, ಕನ್ನಡಕವಿಲ್ಲದೆ ಮತ್ತೆ ನೋಂದಾಯಿಸಿ. ಎರಡನೆಯ ರೂಪ ಸೇರಿಸುವ ಆಯ್ಕೆಯಿದ್ದರೆ ಕನ್ನಡಕದೊಂದಿಗೂ ನೋಂದಾಯಿಸಿ. ಇಲ್ಲದಿದ್ದರೆ ದಿನವಿಡೀ ಇರುವ ರೂಪದಲ್ಲೇ ನೋಂದಾಯಿಸಿ. ಹಗಲಲ್ಲಿ ಕನ್ನಡಕದೊಂದಿಗೆ ತೆರೆದು ಸಂಜೆ ತೆರೆಯದಿದ್ದರೆ ಕೊರತೆ ಬೆಳಕಿನದು. ಪರದೆಯ ಪ್ರಕಾಶ ಹೆಚ್ಚಿಸಿ ನೋಡಿ.

ಪೂರ್ಣ ಕತ್ತಲಲ್ಲಿ ಪರದೆಯ ಬೆಳಕೂ ಸಾಲದಿರಬಹುದು. ಬರಿಯ ಕ್ಯಾಮೆರಾ ನಂಬುವ ಕೆಲವು ಫೋನುಗಳನ್ನು ಫೋಟೊ ತೋರಿಸಿಯೂ ತೆರೆಯಬಹುದು. ಆದ್ದರಿಂದ ಹಣದ ಆಪ್‌ಗಳಿಗೆ ಬೆರಳಚ್ಚು ಅಥವಾ ಪಿನ್ ಇಟ್ಟುಕೊಳ್ಳಿ.