ವೃತ್ತ ಬರೆದು ನೋಡಿ

ಕ್ಯಾಂಪಸ್ ಆಯ್ಕೆಯ ಆಪ್ಟಿಟ್ಯೂಡ್ ಪರೀಕ್ಷೆಯಲ್ಲಿ ಜಾಣರೂ ಎಡವುವ ಒಂದು ಬಗೆಯ ಪ್ರಶ್ನೆಯಿದೆ. ‘ಎಲ್ಲ ಪ್ರೋಗ್ರಾಮರ್‌ಗಳೂ ಪದವೀಧರರು. ಕೆಲವು ಪದವೀಧರರು ಗಾಯಕರು. ಹಾಗಾದರೆ ಕೆಲವು ಪ್ರೋಗ್ರಾಮರ್‌ಗಳು ಗಾಯಕರೇ?’ ಹಾಡುವ ಪ್ರೋಗ್ರಾಮರ್‌ಗಳನ್ನು ಕಂಡಿರುತ್ತೇವಾದ್ದರಿಂದ ಹೌದೆನ್ನಲು ಮನಸ್ಸು ಆತುರಪಡುತ್ತದೆ. ಆದರೆ ಇಲ್ಲಿ ಲೋಕಾನುಭವಕ್ಕೆ ಅಂಕವಿಲ್ಲ. ಕೊಟ್ಟ ವಾಕ್ಯಗಳಿಂದ ಖಂಡಿತವಾಗಿ ಹೊರಡುವುದಷ್ಟೇ ಉತ್ತರ.

ಪದವೀಧರರ ದೊಡ್ಡ ವೃತ್ತ ಬರೆದು, ಅದರೊಳಗೆ ಪ್ರೋಗ್ರಾಮರ್‌ಗಳ ಚಿಕ್ಕ ವೃತ್ತ ಹಾಕಿ. ಗಾಯಕರ ವೃತ್ತವನ್ನು ದೊಡ್ಡದರೊಳಕ್ಕೆ ಚಾಚಿಯೂ ಚಿಕ್ಕದಕ್ಕೆ ತಾಗದಂತೆ ಬರೆಯಬಹುದು. ಅಂದಮೇಲೆ ತೀರ್ಮಾನ ನಿಲ್ಲುವುದಿಲ್ಲ. ತಾಗುವಂತೆಯೂ ಬರೆಯಬಹುದಾದ್ದರಿಂದ, ‘ಯಾವ ಪ್ರೋಗ್ರಾಮರೂ ಗಾಯಕರಲ್ಲ’ ಎಂಬುದೂ ಅಷ್ಟೇ ತಪ್ಪು. ಅಭ್ಯಾಸದಲ್ಲಿ ತೀರ್ಮಾನವನ್ನು ಮುರಿಯುವ ಚಿತ್ರವನ್ನೇ ಮೊದಲು ಹುಡುಕಬೇಕು.

ಗುಂಪು ಚರ್ಚೆಯಲ್ಲೂ ಈ ಅಭ್ಯಾಸ ನೆರವಾಗುತ್ತದೆ. ವಿಷಯ ಮನೆಯಿಂದ ಕೆಲಸ ಎಂದಿರಲಿ. ‘ನಮ್ಮಣ್ಣ ಮನೆಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತಾನೆ, ಎಲ್ಲರಿಗೂ ಅದೇ ಸರಿ’ ಎಂದು ಒಬ್ಬರು ಹೇಳಿದರೆ, ಅಡ್ಡಬಾಯಿ ಹಾಕಬೇಡಿ. ಮಾತು ಮುಗಿದ ಮೇಲೆ ಕೇಳಿ: ‘ಅನುಭವಿಗಳಿಗೆ ಅದು ಸರಿ. ಹೊಸದಾಗಿ ಸೇರಿದವರಿಗೆ ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಡವೇ?’ ಆ ಒಂದು ಪ್ರಶ್ನೆ, ನನ್ನ ಪ್ರಕಾರ, ಜೋರುದನಿಯ ಐದು ನಿಮಿಷಕ್ಕಿಂತ ಹೆಚ್ಚು ತೂಗುತ್ತದೆ.